ಗಾಜಿನ ಎಲೆಕ್ಟ್ರೋಡ್ ಇರುವ ಸೆಲ್‌ನ ವೋಲ್ಟೇಜ್‌ನಿಂದ pH ಕಂಡುಹಿಡಿಯೋದು ಹೇಗೆ?

ಪ್ರಶ್ನೆ: ಗಾಜಿನ ಎಲೆಕ್ಟ್ರೋಡ್ ಇರೋ ಸೆಲ್‌ನ ವೋಲ್ಟೇಜ್ ಅಳೆದು ಇಟ್ಟುಕೊಂಡಿದ್ದೇನೆ. ನರ್ನ್‌ಸ್ಟ್ ಸಮೀಕರಣಕ್ಕೆ ಹಾಕೋಣ ಅಂದ್ರೆ ಗಾಜಿನ E° ಎಷ್ಟು ಅಂತ ಯಾವ ಪಟ್ಟಿಯಲ್ಲೂ ಸಿಗ್ತಿಲ್ಲ. ಜೊತೆಗೆ ಪುಸ್ತಕದಲ್ಲಿ pH ಏರಿದ್ರೆ E ಏರುತ್ತೆ ಅಂತಿದೆ, ನನ್ನ ಮೀಟರ್‌ನಲ್ಲಿ ಇಳಿಯುತ್ತೆ. ಯಾವುದು ಸರಿ?

ಉತ್ತರ:

ಎರಡೂ ಸರಿ. ಮೊದಲು ಆ ಚಿಹ್ನೆಯ ಗೊಂದಲ ಮುಗಿಸೋಣ. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಗಾಜಿನ ಎಲೆಕ್ಟ್ರೋಡನ್ನು ಎಡಕ್ಕೆ ಬರೆದು, ರೆಫರೆನ್ಸ್ ಎಲೆಕ್ಟ್ರೋಡಿನ ವಿಭವದಿಂದ ಗಾಜಿನ ವಿಭವವನ್ನು ಕಳೆಯುತ್ತಾರೆ. ಮೀಟರ್ ಇದನ್ನೇ ತಿರುಗಿಸಿ ಮಾಡುತ್ತದೆ: ಗಾಜಿನ ವಿಭವದಿಂದ ರೆಫರೆನ್ಸ್ ವಿಭವವನ್ನು ಕಳೆದು ತೋರಿಸುತ್ತದೆ. ಹಾಗಾಗಿ ಒಂದರಲ್ಲಿ ಪ್ಲಸ್ ಇದ್ದದ್ದು ಇನ್ನೊಂದರಲ್ಲಿ ಮೈನಸ್. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ರೂಪಗಳು ಹೀಗಿರುತ್ತವೆ:

```
ಪುಸ್ತಕ:  E = K  + 0.0592 pH
ಮೀಟರ್:  E = K' - 0.0592 pH
```

ಒಂದನ್ನು ಹಿಡಿದುಕೊಂಡು ಕೊನೆಯವರೆಗೂ ಅದರಲ್ಲೇ ಹೋಗಿ. ನಾನು ಇಲ್ಲಿ ಮೀಟರ್ ರೂಪವನ್ನೇ ಬಳಸುತ್ತೇನೆ, ಯಾಕಂದ್ರೆ ನಿಮ್ಮ ಕೈಯಲ್ಲಿರೋದು ಮೀಟರ್ ರೀಡಿಂಗ್.

ಈಗ E° ವಿಷಯ. ಅದು ಪಟ್ಟಿಯಲ್ಲಿ ಸಿಗದಿರುವುದಕ್ಕೆ ಕಾರಣ ಇದೆ. ಗಾಜಿನ ಗುಳ್ಳೆಯ ಮೇಲ್ಮೈಯಲ್ಲಿ ಎಲೆಕ್ಟ್ರಾನ್ ಕೊಡು-ಕೊಳ್ಳುವ ಕ್ರಿಯೆಯೇ ನಡೆಯುವುದಿಲ್ಲ. ನೀರು ಹೀರಿದ ತೆಳು ಗಾಜಿನ ಪದರ ಹೊರಗಿನ ದ್ರಾವಣದೊಂದಿಗೆ H⁺ ಅಯಾನುಗಳನ್ನು ವಿನಿಮಯ ಮಾಡಿಕೊಳ್ಳುತ್ತದೆ. ಗುಳ್ಳೆಯ ಒಳಗಿರುವ ದ್ರಾವಣದ ಕಡೆಯಲ್ಲೂ ಹಾಗೇ ಆಗುತ್ತದೆ. ಒಳಗಿನ H⁺ ಬದಲಾಗುವುದಿಲ್ಲ, ಹೊರಗಿನದು ಬದಲಾಗುತ್ತದೆ. ಆ ವ್ಯತ್ಯಾಸವೇ log ಪದವಾಗಿ ವೋಲ್ಟೇಜ್‌ನಲ್ಲಿ ಕಾಣುತ್ತದೆ.

ಉಳಿದದ್ದೆಲ್ಲ K' ಒಳಗೆ ಸೇರಿಕೊಂಡಿದೆ: ಒಳಗಿನ ಬೆಳ್ಳಿ ತಂತಿಯ ವಿಭವ, ರೆಫರೆನ್ಸ್‌ನ ವಿಭವ, KCl ದ್ರಾವಣ ಹೊರಗಿನ ದ್ರಾವಣವನ್ನು ಮುಟ್ಟುವ ಜಾಗದ ಸಣ್ಣ ವಿಭವ. ಇವುಗಳ ಜೊತೆಗೆ ಅಸಿಮೆಟ್ರಿ ವಿಭವ ಅಂತ ಒಂದಿದೆ. ಗಾಜಿನ ಎರಡೂ ಬದಿಗೆ ಒಂದೇ ದ್ರಾವಣ ಇಟ್ಟರೂ ಕೆಲವು ಮಿಲಿವೋಲ್ಟ್ ಉಳಿದುಬಿಡುತ್ತದೆ, ಗಾಜಿನ ಎರಡು ಮೈಗಳು ಪೂರ್ತಿ ಒಂದೇ ಥರ ಇರುವುದಿಲ್ಲ ಅಲ್ವಾ. ಇದು ಎಲೆಕ್ಟ್ರೋಡಿನಿಂದ ಎಲೆಕ್ಟ್ರೋಡಿಗೆ ಬೇರೆ, ಒಂದೇ ಎಲೆಕ್ಟ್ರೋಡಿನಲ್ಲೂ ದಿನ ಕಳೆದಂತೆ ಸರಿಯುತ್ತದೆ. ಆದ್ದರಿಂದ K' ಅನ್ನು ಹುಡುಕಬೇಡಿ, ಅಳೆಯಿರಿ. pH ಗೊತ್ತಿರುವ ಬಫರ್‌ನಲ್ಲಿ ಅದೇ ಎಲೆಕ್ಟ್ರೋಡ್ ಅದ್ದಿ ರೀಡಿಂಗ್ ತೆಗೆದುಕೊಂಡರೆ, ಎರಡು ಸಮೀಕರಣ ಕಳೆದಾಗ K' ತಾನಾಗಿಯೇ ಹೊರಟುಹೋಗುತ್ತದೆ.

ಒಂದು ಲೆಕ್ಕ ಪೂರ್ತಿ ಮಾಡಿ ನೋಡೋಣ. ಎಲ್ಲವೂ 25 ಡಿಗ್ರಿಯಲ್ಲಿ. pH 7.00 ಬಫರ್‌ನಲ್ಲಿ ಮೀಟರ್ −8 mV ತೋರಿಸಿತು ಅಂತಿಟ್ಟುಕೊಳ್ಳಿ, pH 4.01 ಬಫರ್‌ನಲ್ಲಿ +166 mV. ನಿಮ್ಮ ದ್ರಾವಣದಲ್ಲಿ +92 mV.

ಮೊದಲು ಎಲೆಕ್ಟ್ರೋಡಿನ ನಿಜವಾದ ಸ್ಲೋಪ್. ಎರಡು ಬಫರ್‌ಗಳ ನಡುವೆ ವೋಲ್ಟೇಜ್ 174 mV ಬದಲಾಗಿದೆ, pH 2.99 ಬದಲಾಗಿದೆ. ಭಾಗಿಸಿದರೆ ಒಂದು pH ಗೆ 58.2 mV. ಸಿದ್ಧಾಂತ ಹೇಳುವುದು 59.2. ಅಂದರೆ ಇದು ಸುಮಾರು 98 ಪರ್ಸೆಂಟ್ ಸ್ಲೋಪ್ ಇರುವ, ಚೆನ್ನಾಗಿ ಕೆಲಸ ಮಾಡುತ್ತಿರುವ ಎಲೆಕ್ಟ್ರೋಡ್.

```
pH = 7.00 - (92 - (-8)) / 58.2
   = 7.00 - 100 / 58.2
   = 7.00 - 1.72
   = 5.28
```

ಇದನ್ನೇ ಇನ್ನೊಂದು ಬಫರ್‌ನ ಕಡೆಯಿಂದಲೂ ಮಾಡಿ ನೋಡಿ: 166 ರಿಂದ 92 ಕಳೆದರೆ 74, ಅದನ್ನು 58.2 ರಿಂದ ಭಾಗಿಸಿದರೆ 1.27, ಅದಕ್ಕೆ 4.01 ಕೂಡಿಸಿದರೆ ಮತ್ತೆ 5.28. ಹೀಗೆ ಎರಡೂ ಕಡೆಯಿಂದ ಒಂದೇ ಉತ್ತರ ಬಂದರೆ ಚಿಹ್ನೆ ಎಲ್ಲೂ ತಪ್ಪಿಲ್ಲ ಅಂತ ಅರ್ಥ. ಸ್ಲೋಪ್ ಅಳೆಯದೆ ಸುಮ್ನೆ 59.2 ಹಾಕಿದ್ದರೆ 5.31 ಬರುತ್ತಿತ್ತು. 0.03 ಸಣ್ಣದು ಅನ್ನಿಸಬಹುದು, ಆದರೆ log ನಿಂದ ಹೊರಗೆ ತಂದರೆ H⁺ ನಲ್ಲಿ ಅದು ಸುಮಾರು 7 ಪರ್ಸೆಂಟ್ ವ್ಯತ್ಯಾಸ. ಬರೀ ಒಂದು ಮಿಲಿವೋಲ್ಟ್ ತಪ್ಪಿದರೂ pH 0.017 ಸರಿಯುತ್ತದೆ, H⁺ ಲೆಕ್ಕ 4 ಪರ್ಸೆಂಟ್ ತಪ್ಪುತ್ತದೆ. ಅದಕ್ಕೇ ಇಂಥ ಅಳತೆಯಲ್ಲಿ pH ನ ಮೂರನೇ ದಶಮಾಂಶವನ್ನು ನಾನು ಬರೆಯುವುದಿಲ್ಲ.

ಈ 59.2 ತಾಪಮಾನದ ಜೊತೆ ಬದಲಾಗುತ್ತದೆ ಅನ್ನೋದೂ ನೆನಪಿರಲಿ. ಅದು 2.303RT/F, T ಕೆಲ್ವಿನ್‌ನಲ್ಲಿ. 35 ಡಿಗ್ರಿಯಲ್ಲಿ ಅದು 61.1 ಆಗುತ್ತದೆ. ಬಫರ್ ಮತ್ತು ನಿಮ್ಮ ದ್ರಾವಣ ಒಂದೇ ತಾಪಮಾನದಲ್ಲಿದ್ದರೆ ಈ ತಲೆನೋವೇ ಇಲ್ಲ.

ನೀವು ವೋಲ್ಟೇಜನ್ನು ಯಾವುದರಲ್ಲಿ ಅಳೆದಿರಿ ಅಂತ ಬರೆದಿಲ್ಲ, ಮೀಟರ್ ಅಂತ ಮಾತ್ರ ಹೇಳಿದ್ದೀರಿ. ಅದು ಸಾಮಾನ್ಯ ಮಲ್ಟಿಮೀಟರ್ ಆಗಿದ್ದರೆ ಆ ಸಂಖ್ಯೆಗಳನ್ನು ಬಿಟ್ಟುಬಿಡಿ. ಗಾಜಿನ ಪದರದ ರೋಧ 100 ಮೆಗಾಓಮ್ ಆಸುಪಾಸು ಇರುತ್ತದೆ, ಮಲ್ಟಿಮೀಟರ್‌ನ ಒಳರೋಧ ಹೆಚ್ಚಾಗಿ 10 ಮೆಗಾಓಮ್. ವೋಲ್ಟೇಜ್ ಇವೆರಡರ ನಡುವೆ ಹಂಚಿಹೋಗಿ, 166 mV ಇರುವ ಕಡೆ ಸುಮಾರು 15 mV ಮಾತ್ರ ಕಾಣುತ್ತದೆ. pH ಮೀಟರ್ ಅನ್ನೋದು ಅಸಲಿಗೆ ಒಳರೋಧ ತುಂಬಾ ಜಾಸ್ತಿ ಇರುವ ವೋಲ್ಟ್‌ಮೀಟರ್. ಗಾಜಿನ ಎಲೆಕ್ಟ್ರೋಡನ್ನು ಹಾಬರ್ ಮತ್ತು ಕ್ಲೆಮೆನ್ಸಿವಿಚ್ 1909 ರಲ್ಲೇ ವಿವರಿಸಿದ್ದರು. ಆದರೆ ಎಲೆಕ್ಟ್ರಾನಿಕ್ ಆಂಪ್ಲಿಫೈಯರ್ ಇರುವ ಮೀಟರ್‌ಗಳು 1930ರ ದಶಕದಲ್ಲಿ ಬಂದ ಮೇಲೆಯೇ ಅದು ಎಲ್ಲರ ಕೈಗೆಟುಕಿದ್ದು.

ಎಲೆಕ್ಟ್ರೋಡ್ ಕೆಟ್ಟಿದೆಯೋ ಇಲ್ಲವೋ ಅಂತಲೂ mV ನೋಡಿಯೇ ಹೇಳಬಹುದು. ಎರಡು ಬಫರ್‌ಗಳಲ್ಲೂ ಹೆಚ್ಚುಕಡಿಮೆ ಒಂದೇ mV ಬಂದರೆ ಗಾಜು ಬಿರುಕು ಬಿಟ್ಟಿರುವ ಸಾಧ್ಯತೆ ಜಾಸ್ತಿ: ಒಳಗಿನ ಮತ್ತು ಹೊರಗಿನ ದ್ರಾವಣ ನೇರವಾಗಿ ಸಂಪರ್ಕಕ್ಕೆ ಬಂದರೆ ವ್ಯತ್ಯಾಸ ಹುಟ್ಟುವುದೇ ಇಲ್ಲ. ಸ್ಲೋಪ್ ಸರಿಯಿದ್ದು, pH 7 ಬಫರ್‌ನಲ್ಲಿ ಮಾತ್ರ ಸೊನ್ನೆಯಿಂದ 30 mV ಗಿಂತ ದೂರ ಹೋಗಿದ್ದರೆ ನಾನು ಮೊದಲು ರೆಫರೆನ್ಸ್ ಕಡೆಯನ್ನು ನೋಡುತ್ತೇನೆ. ಅಲ್ಲಿನ KCl ಕಲುಷಿತವಾಗಿರಬಹುದು, ಇಲ್ಲವೇ ದ್ರಾವಣ ಹೊರಬರುವ ಸಣ್ಣ ರಂಧ್ರ ಕಟ್ಟಿಕೊಂಡಿರಬಹುದು. pH 12 ದಾಟಿದ, ಸೋಡಿಯಂ ತುಂಬಾ ಇರುವ ದ್ರಾವಣದಲ್ಲಿ ಎಲೆಕ್ಟ್ರೋಡ್ ಚೆನ್ನಾಗಿದ್ದರೂ pH ನಿಜಕ್ಕಿಂತ ಕಡಿಮೆ ಬರಬಹುದು, ಯಾಕಂದ್ರೆ ಅಲ್ಲಿ H⁺ ತೀರಾ ಕಡಿಮೆ, ಗಾಜು Na⁺ ಗೂ ಸ್ವಲ್ಪ ಸ್ಪಂದಿಸಲು ಶುರುಮಾಡುತ್ತದೆ.

ಇನ್ನು log ಒಳಗೆ ಕೂತಿರುವುದರ ಬಗ್ಗೆ. ಅದು ನೀವು ತೂಕ ಮಾಡಿ ಹಾಕಿದ ಸಾರತೆ ಅಲ್ಲ, ಅಯಾನುಗಳು ಒಂದನ್ನೊಂದು ಎಳೆದುಕೊಂಡ ಮೇಲೆ ಉಳಿಯುವ ಪರಿಣಾಮಕಾರಿ ಸಾರತೆ, ಅಂದರೆ ಆಕ್ಟಿವಿಟಿ. 0.1 M HCl ಗೆ −log 0.1 ಮಾಡಿದರೆ 1.00 ಬರುತ್ತದೆ. ಸರಿಯಾಗಿ ಕ್ಯಾಲಿಬ್ರೇಟ್ ಮಾಡಿದ ಎಲೆಕ್ಟ್ರೋಡ್ 1.1 ರ ಹತ್ತಿರ ತೋರಿಸುತ್ತದೆ, ಯಾಕಂದ್ರೆ ಅಲ್ಲಿ H⁺ ನ ಆಕ್ಟಿವಿಟಿ ಗುಣಾಂಕ ಸುಮಾರು 0.8. ಅಂಥ ಕಡೆ ಮೀಟರ್ ತಪ್ಪು ಅಂದುಕೊಂಡು ಗುಂಡಿ ಒತ್ತಿ 1.00 ಮಾಡಲು ಹೋಗಬೇಡಿ. ಮೀಟರ್ ಹೇಳುತ್ತಿರುವ ಸಂಖ್ಯೆಯೇ pH.