ಕಾಮಾದಲ್ಲೇ ಇದೆ ಸುಳಿವು

ಪ್ರಶ್ನೆ: ಮಂಡ್ಯದಲ್ಲಿ ಬ್ಯಾಂಕ್ ಪರೀಕ್ಷೆಗೆ ಓದ್ತಿದೀನಿ. ಇಂಗ್ಲಿಷ್ ವಾಕ್ಯ ಸುಧಾರಿಸುವ ಪ್ರಶ್ನೆಯಲ್ಲಿ ಫ್ರಾಗ್ಮೆಂಟ್, ರನ್-ಆನ್ ಬೇಗ ಗುರುತಿಸೋದು ಹೇಗೆ?

ಉತ್ತರ: ವಾಕ್ಯದ ಉದ್ದ ನೋಡಬೇಡಿ, ಅದು ಏನೂ ಹೇಳಲ್ಲ. ಕಾಮಾ ಅಥವಾ ಫುಲ್‌ಸ್ಟಾಪ್ ಇರುವ ಕಡೆ ನಿಂತು ಎರಡೂ ಬದಿಯನ್ನು ಬೇರೆಬೇರೆಯಾಗಿ ಓದಿ. ಕರ್ತೃ, ಕಾಲ ತೋರಿಸುವ ಕ್ರಿಯಾಪದ ಎರಡೂ ಇದ್ದು, ಶುರುವಿನಲ್ಲಿ ‘ಬಿಕಾಸ್’, ‘ಆಲ್ದೋ’ ಥರದ್ದು ಇಲ್ಲದಿದ್ದರೆ ಅದು ಪೂರ್ಣ ವಾಕ್ಯ.

ಉದಾಹರಣೆಗೆ: ‘ದಿ ಬಸ್ ವಾಸ್ ಲೇಟ್, ಶಿ ಮಿಸ್ಡ್ ದಿ ಟೆಸ್ಟ್.’ ಎರಡೂ ಬದಿ ಪೂರ್ಣ, ನಡುವೆ ಬರೀ ಕಾಮಾ. ಹಾಗಾಗಿ ರನ್-ಆನ್. ಕನ್ನಡದಲ್ಲಿ ಹೀಗೆ ಬರೆದರೆ ಯಾರೂ ತಕರಾರು ತೆಗೆಯಲ್ಲ, ಅದಕ್ಕೇ ನಮ್ಮ ಕಣ್ಣಿಗೆ ಬೀಳೋದಿಲ್ಲ.

ಈಗ ಆಯ್ಕೆಗಳು:
ಎ) ಲೇಟ್, ದೇರ್‌ಫೋರ್ ಶಿ ಮಿಸ್ಡ್
ಬಿ) ಲೇಟ್. ಮೇಕಿಂಗ್ ಹರ್ ಮಿಸ್
ಸಿ) ಲೇಟ್, ಸೋ ಶಿ ಮಿಸ್ಡ್

‘ಬಿ’ಯ ಎರಡನೇ ತುಂಡು ಫ್ರಾಗ್ಮೆಂಟ್: ಕರ್ತೃ ಇಲ್ಲ, ‘ಮೇಕಿಂಗ್’ ಒಂದರಿಂದಲೇ ಕ್ರಿಯಾಪದದ ಕೆಲಸ ಆಗಲ್ಲ. ಹೆಚ್ಚು ಜನ ಬೀಳೋದು ‘ಎ’ಗೆ. ‘ದೇರ್‌ಫೋರ್’ ಅನ್ನು ಜರುಗಿಸಿ ‘ಶಿ ದೇರ್‌ಫೋರ್ ಮಿಸ್ಡ್’ ಅನ್ನಬಹುದು. ಹಾಗೆ ಜರುಗುವ ಪದ ಬರೀ ಕಾಮಾ ಜೊತೆ ಎರಡು ವಾಕ್ಯ ಬೆಸೆಯಲಾರದು, ಅದಕ್ಕೆ ಮೊದಲು ಸೆಮಿಕೋಲನ್ ಅಥವಾ ಫುಲ್‌ಸ್ಟಾಪ್ ಬೇಕು. ‘ಸೋ’ ಜರುಗಲ್ಲ. ಉತ್ತರ ‘ಸಿ’.