ಸೆನ್ಸೆಕ್ಸ್ ಏರಿದರೂ ಜವಳಿ ಅಂಗಡಿ ಖಾಲಿ ಯಾಕೆ?

ಪ್ರಶ್ನೆ: ನಮ್ಮ ಮಾವ ದಿನಾ ಮೊಬೈಲಿನಲ್ಲಿ ಸೆನ್ಸೆಕ್ಸ್ ತೋರಿಸಿ "ದೇಶ ಓಡ್ತಾ ಇದೆ ನೋಡು" ಅಂತಾರೆ. ಅಪ್ಪನ ಜವಳಿ ಅಂಗಡಿಯಲ್ಲಿ ಬೋಣಿಯಾಗೋದೇ ಕಷ್ಟ. ನೀನು ಎಂ.ಎ. ಅರ್ಥಶಾಸ್ತ್ರ ಓದ್ತಿದ್ದೀಯಲ್ಲ, ಯಾರ ಮಾತು ನಂಬಲಿ?
– ಗೆಳೆಯ, ಚಿಕ್ಕಮಗಳೂರು

ಉತ್ತರ (ಹಾಸನದಿಂದ):

ಗೆಳೆಯಾ, ಮಾವ ತೋರಿಸುವ ಅಂಕಿ ಸುಳ್ಳಲ್ಲ ಕಣೋ. ಆದರೆ ಅದು 30 ದೊಡ್ಡ ಕಂಪನಿಗಳ ಷೇರು ಬೆಲೆಯ ಲೆಕ್ಕ ಅಷ್ಟೆ. ಎಂ.ಜಿ. ರಸ್ತೆಯ ಜವಳಿ ಅಂಗಡಿ ಅದರಲ್ಲಿಲ್ಲ, ಕಾಫಿ ತೋಟದ ಆಳಿನ ಕೂಲಿಯೂ ಇಲ್ಲ.

ಕೊರೊನಾ ವರ್ಷವನ್ನೇ ನೋಡು. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ 26 ಸಾವಿರದ ಹತ್ತಿರಕ್ಕೆ ಕುಸಿದಿತ್ತು. ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಜಿಡಿಪಿ ಮೊದಲ ಅಂದಾಜಿನಂತೆ ಶೇ 23.9ರಷ್ಟು ಇಳಿಯಿತು. ಆದರೂ 2021ರ ಜನವರಿ 21ರಂದು ಸೆನ್ಸೆಕ್ಸ್ ಮೊದಲ ಸಲ 50 ಸಾವಿರ ದಾಟಿತು. ಅದೇ ಹಣಕಾಸು ವರ್ಷದಲ್ಲಿ ನರೇಗಾ ಕೆಲಸಕ್ಕೂ ಹಿಂದೆಂದೂ ಇಲ್ಲದ ಬೇಡಿಕೆ ಬಂತು. ಬೇರೆ ಸಂಪಾದನೆ ಇದ್ದವರು ಗುಂಡಿ ತೋಡೋಕೆ ಸಾಲು ನಿಲ್ತಾರಾ?

ಇದು ಹೇಗಾಗುತ್ತೆ ಅಂತ ನಿಮ್ಮ ವ್ಯಾಪಾರದಲ್ಲೇ ಲೆಕ್ಕ ಹಾಕೋಣ. ಒಂದು ಊರಲ್ಲಿ ಹತ್ತು ಸಣ್ಣ ಜವಳಿ ಅಂಗಡಿ ಇವೆ ಅಂದುಕೋ. ತಿಂಗಳಿಗೆ ತಲಾ ಒಂದು ಲಕ್ಷದ ವ್ಯಾಪಾರ. ಷೇರುಪೇಟೆಯಲ್ಲಿರುವ ಒಂದು ದೊಡ್ಡ ಕಂಪನಿಯ ಮಳಿಗೆಗೆ 5 ಲಕ್ಷ. ಒಟ್ಟು 15 ಲಕ್ಷ. ಲಾಕ್‌ಡೌನಿನಲ್ಲಿ ಆರು ಅಂಗಡಿಗಳು ಬಾಗಿಲು ಹಾಕಿದವು. ಅವುಗಳ 6 ಲಕ್ಷದಲ್ಲಿ ಅರ್ಧ ಕಂಪನಿಗೆ ಹೋಯಿತು, ಉಳಿದರ್ಧ ಖರ್ಚು ಮಾಡೋಕೆ ಜನರ ಕೈಯಲ್ಲಿ ದುಡ್ಡೇ ಇಲ್ಲ. ಈಗ ಊರಿನ ವ್ಯಾಪಾರ 12 ಲಕ್ಷ, ಅಂದರೆ ಶೇ 20 ಇಳಿಕೆ. ಕಂಪನಿಯದು 8 ಲಕ್ಷ, ಶೇ 60 ಏರಿಕೆ! ಷೇರುಪೇಟೆಗೆ ಕಾಣೋದು ಈ ಎರಡನೇ ಅಂಕಿ ಮಾತ್ರ. ಮುಚ್ಚಿದ ಅಂಗಡಿಗೆ ಷೇರು ಎಲ್ಲಿಂದ ಬರಬೇಕು, ಅದು ಬೀಳೋದಕ್ಕೆ?

ಇನ್ನೊಂದು ಕಾರಣ ಬಡ್ಡಿ. ಬ್ಯಾಂಕ್ ಶೇ 8 ಕೊಡುವಾಗ ವರ್ಷಕ್ಕೆ 10 ರೂಪಾಯಿ ಬರಬೇಕಾದರೆ 125 ರೂಪಾಯಿ ಇಡಬೇಕು. ಶೇ 5ಕ್ಕೆ ಇಳಿದರೆ 200 ಬೇಕು. ಆಗ ವರ್ಷಕ್ಕೆ 10 ರೂಪಾಯಿ ಗಳಿಸುವ ಷೇರಿಗೂ ಜನ 125ಕ್ಕಿಂತ ಹೆಚ್ಚು ಕೊಡೋಕೆ ತಯಾರಾಗುತ್ತಾರೆ. ಕಂಪನಿ ಒಂದು ಅಂಗಿಯನ್ನೂ ಹೆಚ್ಚು ಮಾರಿರಬೇಕಾಗಿಲ್ಲ. 2020ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇ 4ಕ್ಕೆ ಇಳಿಸಿತ್ತು. ಠೇವಣಿ ಬಡ್ಡಿ ಸಾಲದೆ ಷೇರಿನತ್ತ ಹೊರಳಿದವರಲ್ಲಿ ನಿಮ್ಮ ಮಾವನೂ ಒಬ್ಬರಿರಬಹುದು, ಕೇಳಿ ನೋಡು.

ಹಾಗಂತ ಪೇಟೆ ಏರಿದಾಗಲೆಲ್ಲ ಊರು ಸೊರಗಿದೆ ಅಂತಲೂ ಅಲ್ಲ. ಷೇರಿನವರು ಮುಂದಿನ ವರ್ಷಗಳ ಲಾಭ ನೋಡಿ ಬೆಲೆ ಕಟ್ಟುತ್ತಾರೆ, ಕೆಲವೊಮ್ಮೆ ಆ ಊಹೆ ನಿಜವೂ ಆಗುತ್ತೆ.

ಮುಂದಿನ ವಾರ ಅಲ್ಲಿಗೆ ಬರ್ತೀನಿ. ಅಪ್ಪನ ಸಾಲದ ಪುಸ್ತಕ ತೆಗೆದಿಟ್ಟಿರು. ಯುಗಾದಿಗೆ ಉದ್ರಿ ಬಟ್ಟೆ ಒಯ್ದವರು ಎಷ್ಟು ತಿಂಗಳಿಗೆ ತೀರಿಸ್ತಿದ್ದಾರೆ, ಮೊದಲು ಎಷ್ಟಕ್ಕೆ ತೀರಿಸ್ತಿದ್ದರು ಅಂತ ನನಗೆ ನೋಡಬೇಕು.