ಗೋಡೆಯ ಮೇಲಿನ ಅಕ್ಷರ ಓದಿದರೆ ಸಾಲದು

"ನಮ್ಮ ಯಜಮಾನರಿಗೆ 57 ವರ್ಷ. ಎರಡು ವರ್ಷದಲ್ಲಿ ಮೂರು ಸಲ ಕನ್ನಡಕ ಬದಲಾಯಿಸಿದ್ದಾಯಿತು. ಅಂಗಡಿಯಲ್ಲಿ ಕೊನೆಯ ಸಾಲಿನವರೆಗೂ ಓದುತ್ತಾರೆ. ಆದರೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಾರೆ, ಬೈಕಿನಲ್ಲಿ ಹೋಗುವಾಗ ಪಕ್ಕದಿಂದ ಬಂದವರು ಕಾಣಲಿಲ್ಲ ಅನ್ನುತ್ತಾರೆ. ನಮ್ಮ ಅತ್ತೆಯವರಿಗೆ ಗ್ಲಾಕೋಮಾದಿಂದ ದೃಷ್ಟಿ ಹೋಗಿತ್ತು. ಇನ್ನೂ ಒಳ್ಳೆಯ ಕನ್ನಡಕ ಎಲ್ಲಿ ಮಾಡಿಸಬೇಕು?"
– ಓದುಗರೊಬ್ಬರು, ಶಿವಮೊಗ್ಗ

ಸೋದರಿ, ನಾಲ್ಕನೆಯ ಕನ್ನಡಕಕ್ಕೆ ದುಡ್ಡು ಹಾಕಬೇಡಿ. ಈ ವಾರವೇ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಬೈಕಿನ ಕೀಲಿ ನಿಮ್ಮ ಹತ್ತಿರವೇ ಇರಲಿ. ಅತ್ತೆಯವರ ಕಾಯಿಲೆ ಮತ್ತು ಚೌಕಟ್ಟಿಗೆ ತಾಗುವ ಭುಜ, ಇವೆರಡನ್ನೂ ಒಟ್ಟಿಗೆ ಓದಿದಾಗ ನನಗೆ ನಿಜಕ್ಕೂ ಆತಂಕವಾಯಿತು.

ಕನ್ನಡಕದ ಗಾಜು ಮಾಡುವುದು ಒಂದೇ ಕೆಲಸ: ಬೆಳಕನ್ನು ಕಣ್ಣಿನ ಹಿಂದಿನ ಪರದೆಯ ಮೇಲೆ ಸರಿಯಾಗಿ ಬೀಳಿಸುವುದು. ಗ್ಲಾಕೋಮಾದಲ್ಲಿ ಕೆಡುವುದು ಆ ಪರದೆಯಿಂದ ಮಿದುಳಿಗೆ ಹೋಗುವ ದೃಷ್ಟಿನರ. ಅದರಲ್ಲಿ ಸುಮಾರು ಹತ್ತು ಲಕ್ಷ ಎಳೆಗಳಿವೆ. ಕಣ್ಣೊಳಗಿನ ನೀರು ಸರಿಯಾಗಿ ಹೊರಗೆ ಹರಿಯದೆ ಒತ್ತಡ ಏರಿದಾಗ ಎಳೆಗಳು ಒಂದೊಂದಾಗಿ ಸಾಯುತ್ತವೆ. ಸತ್ತ ಎಳೆ ಮತ್ತೆ ಹುಟ್ಟುವುದಿಲ್ಲ. ಅಕ್ಷರ ಓದುವುದು ನಡುದೃಷ್ಟಿ, ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಅದು ಕೊನೆಗೆ ಹೋಗುತ್ತದೆ. ಹಾಗಾಗಿ ಪಕ್ಕದ ನೋಟ ಬಹುಪಾಲು ಹೋದವರೂ ಅಂಗಡಿಯಲ್ಲಿ ಕೊನೆಯ ಸಾಲು ಓದಿಬಿಡಬಹುದು.

ಅವರಿಗೇ ಏಕೆ ಗೊತ್ತಾಗುವುದಿಲ್ಲ ಎಂದು ನಿಮಗೆ ಅನ್ನಿಸಬಹುದು. ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ, ಕಪ್ಪು ಕಲೆಯೂ ಕಾಣುವುದಿಲ್ಲ. ಒಂದು ಕಣ್ಣು ಬಿಟ್ಟದ್ದನ್ನು ಇನ್ನೊಂದು ಕಣ್ಣು ತುಂಬಿಕೊಡುತ್ತದೆ, ಉಳಿದ ಜಾಗವನ್ನು ಮಿದುಳೇ ಸುತ್ತಲಿನ ಗೋಡೆ, ರಸ್ತೆಗಳಿಂದ ಹೊಂದಿಸಿಕೊಳ್ಳುತ್ತದೆ. ಆ ಜಾಗದಲ್ಲಿದ್ದ ಮನುಷ್ಯ ಮಾತ್ರ ಇಲ್ಲವಾಗುತ್ತಾನೆ.

ನಮ್ಮ ಅಣ್ಣನದೂ ಇದೇ ಕಥೆ. ಕನ್ನಡಕದ ನಂಬರು ಸರಿಯಾಗಿತ್ತು. ಕಣ್ಣಿನ ಒತ್ತಡ 18 ಬಂದಿತ್ತು, ಸಾಮಾನ್ಯವಾಗಿ 10ರಿಂದ 21ರವರೆಗೆ ಸರಿ ಅನ್ನುತ್ತಾರೆ. ನಾವೆಲ್ಲ ನಿಶ್ಚಿಂತೆಯಿಂದ ಎದ್ದು ಬರುವವರಿದ್ದೆವು. ಡಾಕ್ಟರು ಬಿಡಲಿಲ್ಲ. ಹನಿ ಹಾಕಿ ಪಾಪೆ ಹಿಗ್ಗಿಸಿ ನರದ ಬುಡ ನೋಡಿದರು. ಎಳೆಗಳು ಸತ್ತಂತೆ ನರದ ಬುಡದಲ್ಲಿರುವ ಕುಳಿ ಹಿಗ್ಗುತ್ತದೆ; ಅಣ್ಣನ ಎಡಗಣ್ಣಿನ ಕುಳಿ ಬಲಗಣ್ಣಿನದಕ್ಕಿಂತ ದೊಡ್ಡದಾಗಿತ್ತು. ಆಮೇಲೆ ಫೀಲ್ಡ್ ಟೆಸ್ಟ್: ಒಂದು ಕಣ್ಣು ಮುಚ್ಚಿ, ಬಟ್ಟಲಿನಂಥ ಯಂತ್ರದೊಳಗೆ ನಡುವಿನ ಚುಕ್ಕೆಯನ್ನೇ ನೋಡುತ್ತಾ, ಎಲ್ಲಿ ಬೆಳಕು ಮಿನುಗಿದರೂ ಗುಂಡಿ ಒತ್ತಬೇಕು. ಮೂಗಿನ ಕಡೆಯ ಮೇಲ್ಭಾಗದಲ್ಲಿ ಅಣ್ಣ ಒತ್ತಲೇ ಇಲ್ಲ. ಮೊದಲ ಸಲ ಅಭ್ಯಾಸವಿಲ್ಲದೆ ತಪ್ಪುವುದುಂಟು ಎಂದು ಇನ್ನೊಮ್ಮೆ ಮಾಡಿಸಿದರು. ಅದೇ ಜಾಗ ಮತ್ತೆ ಖಾಲಿ.

ಒತ್ತಡ ಸರಿಯಿದ್ದೂ ನರ ಕೆಡಬಹುದು ಎಂದು ನನಗೆ ಗೊತ್ತಾದದ್ದು ಆಗಲೇ. ಕಣ್ಣಿನ ಮುಂಭಾಗದ ಪಾರದರ್ಶಕ ಪದರ ತೆಳುವಾಗಿದ್ದರೆ ಯಂತ್ರ ಇರುವುದಕ್ಕಿಂತ ಕಡಿಮೆ ಒತ್ತಡ ತೋರಿಸುವುದೂ ಉಂಟು. ಆದ್ದರಿಂದ ಗಾಳಿ ಊದಿ ಒತ್ತಡ ಮಾತ್ರ ನೋಡಿ ಕಳಿಸಿದರೆ ಪರೀಕ್ಷೆ ಮುಗಿಯಿತು ಎಂದುಕೊಳ್ಳಬೇಡಿ. ನರದ ಬುಡ ನೋಡಿದರೇ, ನೀರು ಹರಿಯುವ ಕೋನ ನೋಡಿದರೇ, ಫೀಲ್ಡ್ ಟೆಸ್ಟ್ ಬೇಕೇ ಎಂದು ಬಾಯಿಬಿಟ್ಟು ಕೇಳಿ.

ಅಣ್ಣನಿಗೆ ರಾತ್ರಿ ಒಂದೊಂದು ಹನಿ ಔಷಧಿ ಕೊಟ್ಟರು. ಮೂರು ತಿಂಗಳಾದರೂ ನೋಟದಲ್ಲಿ ಏನೂ ವ್ಯತ್ಯಾಸವಿಲ್ಲ ಎಂದು ಅವನೇ ಬಿಟ್ಟುಬಿಟ್ಟ. ವ್ಯತ್ಯಾಸ ಕಾಣಿಸಬೇಕಾದ ಔಷಧಿಯಲ್ಲ ಅದು. ಒತ್ತಡ ಇಳಿಸಿ, ಉಳಿದ ಎಳೆಗಳನ್ನು ಉಳಿಸುವುದಷ್ಟೇ ಅದರ ಕೆಲಸ. ಲೇಸರ್, ಆಪರೇಷನ್ನಿನದೂ ಅಷ್ಟೇ. ನಿಮ್ಮ ಯಜಮಾನರಿಗೆ ಇದನ್ನು ಮೊದಲೇ ಹೇಳಿಡಿ. ಅವರಿಗೆ ಉಬ್ಬಸ ಇದ್ದರೆ ಡಾಕ್ಟರಿಗೆ ತಿಳಿಸಿ, ಗ್ಲಾಕೋಮಾದ ಕೆಲವು ಹನಿಗಳು ಉಬ್ಬಸ ಕೆರಳಿಸುತ್ತವೆ.

ಇನ್ನು ಮನೆಯ ಉಳಿದವರು. ಗ್ಲಾಕೋಮಾ ಬಂದವರ ಮಕ್ಕಳು, ಒಡಹುಟ್ಟಿದವರಿಗೆ ಅಪಾಯ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು. ನಿಮ್ಮ ಮೈದುನ, ನಾದಿನಿಯರು ಈಗಲೇ ತೋರಿಸಿಕೊಳ್ಳಬೇಕು. 40 ದಾಟಿದ ಎಲ್ಲರೂ ಒಮ್ಮೆಯಾದರೂ ನರದ ಬುಡದವರೆಗೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯವರು, ದಪ್ಪ ಮೈನಸ್ ಗಾಜಿನವರು, ಕಣ್ಣಿಗೆ ಹಿಂದೆ ಪೆಟ್ಟು ಬಿದ್ದವರು ಕಾಯುತ್ತಾ ಕೂರಬಾರದು. ಇನ್ನೊಂದು ಗುಂಪನ್ನು ಒತ್ತಿ ಹೇಳುತ್ತೇನೆ: ಕಣ್ಣು ತುರಿಸಿದಾಗಲೆಲ್ಲ ಔಷಧಿ ಅಂಗಡಿಯಿಂದ ಸ್ಟೀರಾಯ್ಡ್ ಹನಿ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವವರು. ತುರಿಕೆ ಅಡಗುತ್ತದೆ, ಒಳಗೆ ಒತ್ತಡ ಏರುತ್ತದೆ. ಎಳೆಯ ವಯಸ್ಸಿನವರೂ ಹೀಗೆ ದೃಷ್ಟಿ ಕಳೆದುಕೊಳ್ಳುತ್ತಾರೆ.

ನಿಮ್ಮೂರಿನ ಮೆಡಿಕಲ್ ಕಾಲೇಜಿನ ಕಣ್ಣಿನ ವಿಭಾಗಕ್ಕೆ ಹೋಗಬಹುದು, ಫೀಲ್ಡ್ ಟೆಸ್ಟ್ ಯಾವ ದಿನ ಎಂದು ಮೊದಲು ವಿಚಾರಿಸಿಕೊಳ್ಳಿ. ಪಾಪೆ ಹಿಗ್ಗಿಸಿದ ಮೇಲೆ ಕೆಲವು ಗಂಟೆ ಮಂಜುಮಂಜಾಗಿರುತ್ತದೆ, ಜೊತೆಗೆ ಯಾರಾದರೂ ಇರಬೇಕು. ಮಕ್ಕಳಿದ್ದರೆ ದೊಡ್ಡವರನ್ನೇ ಕರೆದುಕೊಂಡು ಹೋಗಿ, ಅವರ ಹೆಸರಿನಲ್ಲೂ ಒಂದು ಚೀಟಿ ಮಾಡಿಸಿ.

– ಸಂಪಾದಕ